ಕೋಲ್ಡ್ ಸ್ಟೋರೇಜ್ ಮ್ಯಾನೇಜರ್ ಹುದ್ದೆಗೆ ಅರ್ಜಿ: ಈಗ ಅಬುಧಾಬಿಯಲ್ಲಿದ್ದೇನೆ, ಫೆಬ್ರವರಿ 2ಕ್ಕೆ ಕೆಲಸಕ್ಕೆ ಸೇರಬಲ್ಲೆ

ಅಬುಧಾಬಿ
6 ಅಕ್ಟೋಬರ್ 2025, ಸೋಮವಾರ

ನಮಸ್ಕಾರ ಮೇಡಂ,

ಬೈಕಂಪಾಡಿಯ ಮೀನು ರಫ್ತು ಘಟಕಕ್ಕೆ ಕೋಲ್ಡ್ ಸ್ಟೋರೇಜ್ ಮ್ಯಾನೇಜರ್ ಬೇಕು ಎಂಬ ನಿಮ್ಮ ಪ್ರಕಟಣೆಯನ್ನು ನಿನ್ನೆ ನನ್ನ ನಾದಿನಿ ಕಳುಹಿಸಿದಳು. ಕೆಲಸದವರ ಜೊತೆ ಕನ್ನಡ, ತುಳು ಎರಡೂ ಮಾತಾಡಲು ಬರಬೇಕು, ಅರ್ಜಿಯ ಪತ್ರ ಕನ್ನಡದಲ್ಲೇ ಇರಲಿ ಎಂದು ಅದರಲ್ಲಿ ಬರೆದಿದ್ದೀರಿ. ಅದನ್ನು ಓದಿ ಖುಷಿಯಾಯಿತು. ಬಯೋಡೇಟಾ ಜೊತೆಗಿಟ್ಟಿದ್ದೇನೆ. ಅದರಲ್ಲಿ ಬರೆಯಲಾಗದ ಎರಡು ವಿಷಯ, ಅಂದರೆ ನಾನು ಊರಿಗೆ ಯಾವಾಗ ಬರುತ್ತೇನೆ ಮತ್ತು ಸಂದರ್ಶನ ಹೇಗೆ ನಡೆಸಬಹುದು ಎಂಬುದನ್ನು ಇಲ್ಲಿ ವಿವರವಾಗಿ ತಿಳಿಸುತ್ತೇನೆ.

ಮೊದಲು ನನ್ನ ಬಗ್ಗೆ ಸ್ವಲ್ಪ. ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಬಿ.ಎಫ್.ಎಸ್ಸಿ. ಓದಿದವಳು. ಆಮೇಲೆ ನಾಲ್ಕು ವರ್ಷ ಬೈಕಂಪಾಡಿಯದೇ ಒಂದು ಘಟಕದಲ್ಲಿ ಗುಣಮಟ್ಟ ವಿಭಾಗದಲ್ಲಿದ್ದೆ. 2014ರಿಂದ ಅಬುಧಾಬಿಯ ಮುಸಫ್ಫಾದಲ್ಲಿ ಆಹಾರ ಆಮದು ಮಾಡುವ ಕಂಪನಿಯ ಶೀತಲ ಗೋದಾಮಿನಲ್ಲಿದ್ದೇನೆ. ಕಳೆದ ಐದು ವರ್ಷಗಳಿಂದ ಪೂರ್ತಿ ಗೋದಾಮಿನ ಹೊಣೆ ನನ್ನದು. ಮೈನಸ್ 18 ಡಿಗ್ರಿಯ ಆರು ಕೋಣೆಗಳು, ಮೂರು ಪಾಳಿ, 42 ಜನ. ಹ್ಯಾಸಪ್ ಆಡಿಟ್‌ಗಳಲ್ಲಿ ಉತ್ತರ ಕೊಡಬೇಕಾದವಳೂ ನಾನೇ.

ಈಗ ಊರಿಗೆ ಬರುವ ವಿಷಯ. ವಿದೇಶದಿಂದ ಅರ್ಜಿ ಬಂದ ಕೂಡಲೇ ನಿಮ್ಮ ಮನಸ್ಸಿಗೆ ಬರುವ ಮೊದಲ ಪ್ರಶ್ನೆ ಏನೆಂದು ನನಗೆ ಗೊತ್ತಿದೆ: "ಇವರು ನಿಜವಾಗಿ ಬರ್ತಾರಾ, ಇಲ್ಲ ಸುಮ್ನೆ ಕೇಳಿ ನೋಡ್ತಿದ್ದಾರಾ?" ನಾವು ಬರುವುದು ನಿಶ್ಚಯವಾಗಿದೆ. ಸುರತ್ಕಲ್‌ನಲ್ಲಿ ನಮ್ಮ ಮನೆ ಇದೆ. ಅಲ್ಲಿ ಅತ್ತೆ ಒಬ್ಬರೇ ಇದ್ದಾರೆ, ಅವರಿಗೆ ಈಗ 74. ಮಗಳು ಐದನೇ ತರಗತಿಯಲ್ಲಿದ್ದಾಳೆ. ಆರನೇ ತರಗತಿಯನ್ನು ಊರಲ್ಲೇ ಓದಲಿ ಎಂದು ನಾನೂ ನನ್ನ ಗಂಡನೂ ಈ ಬೇಸಿಗೆಯಲ್ಲೇ ತೀರ್ಮಾನ ಮಾಡಿದೆವು. ನಿಮ್ಮ ಕೆಲಸ ಸಿಗದಿದ್ದರೂ ಏಪ್ರಿಲ್ ಹೊತ್ತಿಗೆ ನಾವು ಸುರತ್ಕಲ್‌ನಲ್ಲಿರುತ್ತೇವೆ. ಸಿಕ್ಕರೆ ನಾನೊಬ್ಬಳು ಎರಡು ತಿಂಗಳು ಮೊದಲೇ ಬರುತ್ತೇನೆ.

ದಿನಗಳ ಲೆಕ್ಕ ಹೀಗಿದೆ. ನನ್ನ ಕರಾರಿನಲ್ಲಿ ನೋಟಿಸ್ ಅವಧಿ 60 ದಿನ. ನವೆಂಬರ್ 10ರೊಳಗೆ ಆಫರ್ ಪತ್ರ ಕೈಗೆ ಬಂದರೆ ಮರುದಿನವೇ ರಾಜೀನಾಮೆ ಕೊಡುತ್ತೇನೆ. ಆಗ ಜನವರಿ 10 ಇಲ್ಲಿ ನನ್ನ ಕೊನೆಯ ದಿನ. ಕೆಲಸ ಬಿಟ್ಟ 14 ದಿನಗಳೊಳಗೆ ಕಂಪನಿ ಗ್ರಾಚ್ಯುಟಿಯೂ ಸೇರಿ ಎಲ್ಲ ಬಾಕಿ ಕೊಡಬೇಕೆಂದು ಇಲ್ಲಿನ ಕಾನೂನು ಹೇಳುತ್ತದೆ. ಅದು ಕೈಗೆ ಬಂದು, ವೀಸಾ ರದ್ದಾಗಿ, ಬ್ಯಾಂಕಿನ ಲೆಕ್ಕ ಮುಗಿಯುವ ಹೊತ್ತಿಗೆ ಜನವರಿ 24 ಆಗುತ್ತದೆ. ಅಬುಧಾಬಿಯಿಂದ ಮಂಗಳೂರಿಗೆ ನೇರ ವಿಮಾನವಿದೆ, ಹಾಗಾಗಿ ಪ್ರಯಾಣಕ್ಕೆ ಜಾಸ್ತಿ ದಿನ ಬೇಡ. ಆದರೂ ನಾಲ್ಕೈದು ದಿನ ಕೈಯಲ್ಲಿಟ್ಟುಕೊಂಡು ಫೆಬ್ರವರಿ 2, ಸೋಮವಾರ ಎಂದು ಹೇಳುತ್ತಿದ್ದೇನೆ. ಆಫರ್ ತಡವಾದರೆ ಸೇರುವ ದಿನವೂ ಅಷ್ಟೇ ಮುಂದೆ ಹೋಗುತ್ತದೆ.

ಇದಕ್ಕಿಂತ ಬೇಗ ಆಗುತ್ತದಾ ಎಂದು ನೀವು ಕೇಳಬಹುದು. ನನ್ನ ಮ್ಯಾನೇಜರ್ ಒಳ್ಳೆಯವರು, ಕೇಳಿ ನೋಡುತ್ತೇನೆ. ಆದರೆ ಅದನ್ನು ನಂಬಿ ನೀವು ದಿನ ಗೊತ್ತು ಮಾಡಬೇಡಿ. ಫೆಬ್ರವರಿ ಮಧ್ಯಕ್ಕೆ ರಂಜಾನ್ ಶುರುವಾಗುತ್ತದೆ. ಅದಕ್ಕೆ ಮುಂಚಿನ ಆರೇಳು ವಾರ ಇಲ್ಲಿ ಗೋದಾಮುಗಳು ತುಂಬಿ ತುಳುಕುತ್ತವೆ. ಕೋಳಿ, ಮೀನು, ಖರ್ಜೂರ, ಹೆಪ್ಪುಗಟ್ಟಿಸಿದ ತರಕಾರಿ ಎಲ್ಲ ಒಟ್ಟಿಗೆ ಬಂದಿಳಿಯುತ್ತದೆ. ಆ ಹೊತ್ತಿನಲ್ಲಿ ನನ್ನನ್ನು ಹದಿನೈದು ದಿನ ಮೊದಲೇ ಬಿಟ್ಟುಬಿಡಿ ಎಂದರೆ ಅವರಿಗೆ ಕಷ್ಟ. ಹನ್ನೊಂದು ವರ್ಷ ಅನ್ನ ಕೊಟ್ಟ ಜಾಗ. ನನ್ನ ಜಾಗಕ್ಕೆ ಬರುವವರಿಗೆ ಸರಿಯಾಗಿ ಕೆಲಸ ಒಪ್ಪಿಸಿಯೇ ಹೊರಡಬೇಕು ಎಂಬುದು ನನ್ನ ಆಸೆ.

ಫೆಬ್ರವರಿ ನಿಮ್ಮ ಘಟಕಕ್ಕೂ ತಡವಲ್ಲ ಅನ್ನಿಸುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳು ದಡದಲ್ಲಿರುವ ಆ 61 ದಿನಗಳೇ ಕೋಣೆಗಳನ್ನು ಒಂದೊಂದಾಗಿ ಖಾಲಿ ಮಾಡಿ ಮಂಜುಗಡ್ಡೆ ಕರಗಿಸಲು, ಬಾಗಿಲಿನ ರಬ್ಬರ್ ಬದಲಿಸಲು, ಕಂಪ್ರೆಸರ್ ಬಿಚ್ಚಿ ನೋಡಲು ಸಿಗುವ ಸಮಯ. ಫೆಬ್ರವರಿಯಿಂದ ಮೇವರೆಗೆ ಘಟಕವನ್ನು ಓಡುವಾಗಲೇ ನೋಡಿದ್ದರೆ, ಯಾವ ಕೋಣೆಗೆ ಏನು ಬೇಕೆಂದು ಜೂನ್ ಹೊತ್ತಿಗೆ ನನಗೆ ಗೊತ್ತಿರುತ್ತದೆ. ಆಗಸ್ಟ್‌ನಲ್ಲಿ ಮತ್ತೆ ಮೀನು ಬರುವಷ್ಟರಲ್ಲಿ ಎಲ್ಲ ಸಿದ್ಧವಿರುತ್ತದೆ.

ಕುಟುಂಬದ ಕಾರಣಕ್ಕೆ ನಾನು ನಡುವೆ ವಾಪಸ್ ಹೋಗಬೇಕಾಗುತ್ತದಾ ಎಂಬ ಅನುಮಾನವೂ ಬರಬಹುದು, ಅಲ್ವಾ? ಮಗಳ ವೀಸಾ ಅವಳ ಅಪ್ಪನ ಹೆಸರಿನಲ್ಲಿದೆ. ನನ್ನ ವೀಸಾ ರದ್ದಾದರೂ ಅವಳ ಶಾಲೆಗೆ ತೊಂದರೆಯಿಲ್ಲ. ಮಾರ್ಚ್‌ನಲ್ಲಿ ಪರೀಕ್ಷೆ ಮುಗಿಸಿ, ಟಿ.ಸಿ. ತೆಗೆದುಕೊಂಡು ಅಪ್ಪ, ಮಗಳು ಇಬ್ಬರೂ ಬರುತ್ತಾರೆ. ಮನೆ ಸಾಮಾನು ಹಡಗಿನಲ್ಲಿ ಕಳುಹಿಸುವ ಕೆಲಸವನ್ನೂ ಅವರೇ ನೋಡಿಕೊಳ್ಳುತ್ತಾರೆ. ಅದರ ಖರ್ಚನ್ನಾಗಲಿ, ವಿಮಾನದ ಟಿಕೆಟನ್ನಾಗಲಿ ಕಂಪನಿಯಿಂದ ಕೇಳುವುದಿಲ್ಲ.

ಆದರೆ ಒಂದು ಕೇಳಿಕೆ ಇದೆ. ಎರಡು ವರ್ಷದ ಹಿಂದೆ ಊರಿನ ಇನ್ನೊಂದು ಕಡೆ ಹೀಗೇ ಮಾತಾಗಿತ್ತು. ಎರಡು ತಿಂಗಳು ಬೇಕು ಎಂದು ನಾನು ಫೋನಿನಲ್ಲಿ ಹೇಳಿದ್ದೆ, ಬರೆದು ಕೊಟ್ಟಿರಲಿಲ್ಲ. ಅವರ ಪತ್ರದಲ್ಲಿ 30 ದಿನ ಎಂದಿತ್ತು. ಸರಿಮಾಡಿ ಕಳುಹಿಸುತ್ತೇವೆ ಎಂದರು. ನಾನು ಇಲ್ಲಿ ಮ್ಯಾನೇಜರಿಗೆ ವಿಷಯ ತಿಳಿಸಿದ ಮೇಲೆ, ಅಷ್ಟು ಕಾಯಲಾಗುವುದಿಲ್ಲ ಎಂದು ಆಫರ್ ವಾಪಸ್ ತೆಗೆದುಕೊಂಡರು. ಆ ವಾರ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಹಾಗಾಗಿ ಈ ಸಲ ದಿನಾಂಕಗಳನ್ನು ಮೊದಲ ಪತ್ರದಲ್ಲೇ ಬರೆಯುತ್ತಿದ್ದೇನೆ. ನಾನು ಆಯ್ಕೆಯಾದರೆ ಆಫರ್ ಪತ್ರದಲ್ಲಿ ಸೇರುವ ದಿನ ಸ್ಪಷ್ಟವಾಗಿ ಇರಲಿ. ಸಹಿಯಾದ ಪತ್ರ ಬಂದ ಮೇಲೆಯೇ ನಾನು ರಾಜೀನಾಮೆ ಕೊಡುವುದು.

ಅಲ್ಲಿಯವರೆಗೆ ಈಗಿನ ಕಂಪನಿಗೆ ಯಾರೂ ಫೋನ್ ಮಾಡಿ ವಿಚಾರಿಸದಂತೆ ದಯವಿಟ್ಟು ನೋಡಿಕೊಳ್ಳಿ. ನನ್ನ ಕೆಲಸದ ಬಗ್ಗೆ ತಿಳಿಯಬೇಕಿದ್ದರೆ, ಇಲ್ಲಿ ಮೊದಲು ನನ್ನ ಮೇಲಧಿಕಾರಿಯಾಗಿದ್ದು ಈಗ ನಿವೃತ್ತರಾಗಿ ಊರಲ್ಲಿರುವ ಒಬ್ಬರು ಮಾತಾಡಲು ಒಪ್ಪಿದ್ದಾರೆ. ಮೊದಲ ಸುತ್ತು ಮುಗಿದ ಮೇಲೆ ಅವರ ನಂಬರ್ ಕೊಡುತ್ತೇನೆ.

ಸಂದರ್ಶನದ ವಿಷಯಕ್ಕೆ ಬರುತ್ತೇನೆ. ವಾಟ್ಸಾಪ್‌ನಲ್ಲಿ ಸಂದೇಶ ಬರುತ್ತದೆ, ಆದರೆ ವಾಟ್ಸಾಪ್ ಕರೆ ಇಲ್ಲಿ ಸಾಗುವುದಿಲ್ಲ. ಆಡಿಯೊ, ವಿಡಿಯೊ ಎರಡಕ್ಕೂ ಈ ದೇಶದಲ್ಲಿ ತಡೆ ಇದೆ. ಊರಿನಿಂದ ಕರೆ ಮಾಡಿದವರಿಗೆ ನಾನು ಎತ್ತಲಿಲ್ಲ ಎಂದು ಅನ್ನಿಸಿಬಿಡುತ್ತದೆ. ಆದ್ದರಿಂದ ಟೀಮ್ಸ್, ಜೂಮ್ ಅಥವಾ ಗೂಗಲ್ ಮೀಟ್ ಲಿಂಕ್ ಕಳುಹಿಸಿ. ಮೂರೂ ಇಲ್ಲಿ ಚೆನ್ನಾಗಿ ನಡೆಯುತ್ತವೆ.

ನಿಮ್ಮ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದಿದೆ. ಶುಕ್ರವಾರ ನನಗೆ ಅರ್ಧ ದಿನ ಕೆಲಸ. ಆ ದಿನ ನಿಮ್ಮ ಸಮಯ ಮಧ್ಯಾಹ್ನ 3ರಿಂದ ಸಂಜೆ 6ರವರೆಗೆ ಮನೆಯಲ್ಲಿ ಬಾಗಿಲು ಹಾಕಿಕೊಂಡು ನೆಮ್ಮದಿಯಾಗಿ ಮಾತಾಡಬಲ್ಲೆ. ಬೇರೆ ದಿನಗಳಲ್ಲಾದರೆ ರಾತ್ರಿ 8ರ ನಂತರ, ನಿಮಗೆ ತೊಂದರೆ ಇಲ್ಲದಿದ್ದರೆ ಮಾತ್ರ. ಕೆಲಸದ ನಡುವೆ ಗೋದಾಮಿನಿಂದ ಮಾತಾಡುವುದು ಬೇಡ. ಅದು ಈಗಿನ ಕಂಪನಿಯ ಸಮಯ. ನನಗೂ ಗಮನ ಕೊಡಲಾಗುವುದಿಲ್ಲ.

ಮೊದಲ ಸುತ್ತಿಗೆ ಇದೇ ಅಕ್ಟೋಬರ್ 10ರ ಶುಕ್ರವಾರ ಆದೀತೇ? ಅಷ್ಟು ಬೇಗ ಕೇಳಲು ಕಾರಣ ಇದೆ. ದೀಪಾವಳಿಗೆ ನಾವು ಊರಿಗೆ ಬರುತ್ತಿದ್ದೇವೆ. 17ರ ಶುಕ್ರವಾರ ರಾತ್ರಿ ಇಳಿದು 26ರ ಭಾನುವಾರ ಹಿಂದಿರುಗುತ್ತೇವೆ. 22ಕ್ಕೆ ಬಲಿಪಾಡ್ಯಮಿ ಮುಗಿಯುತ್ತದೆ. 23, 24ರಂದು ನಿಮಗೆ ಅನುಕೂಲವಾದ ಯಾವ ಸಮಯಕ್ಕಾದರೂ ಬೈಕಂಪಾಡಿಗೆ ಬರುತ್ತೇನೆ. ಸುರತ್ಕಲ್‌ನಿಂದ ಬಸ್ಸಿನಲ್ಲಿ ಕಾಲು ಗಂಟೆಯ ದಾರಿ.

ಎರಡನೇ ಸುತ್ತು ಮುಖಾಮುಖಿಯೇ ಆಗಲಿ ಎಂದು ನನಗೂ ಮನಸ್ಸಿದೆ. ವಿಡಿಯೊದಲ್ಲಿ ಪ್ರಶ್ನೆಗೆ ಉತ್ತರ ಕೊಡಬಹುದು, ಕೋಣೆ ನೋಡಲಾಗುವುದಿಲ್ಲ. ಬಾಗಿಲ ಸಂದಿಯಲ್ಲಿ ಮಂಜು ಕಟ್ಟಿದೆಯಾ, ಲಾರಿಯಿಂದ ಪೆಟ್ಟಿಗೆ ಇಳಿಸುವಾಗ ಎಷ್ಟು ಹೊತ್ತು ಹೊರಗೆ ನಿಲ್ಲುತ್ತದೆ, ತಾಪಮಾನದ ಪುಸ್ತಕ ಆಯಾ ಗಂಟೆಗೆ ಬರೆದದ್ದಾ ಇಲ್ಲ ಸಂಜೆ ಒಟ್ಟಿಗೆ ತುಂಬಿಸಿದ್ದಾ, ಇವೆಲ್ಲ ಒಳಗೆ ಒಂದು ಸುತ್ತು ಹಾಕಿದರೆ ತಿಳಿಯುತ್ತದೆ. ನನ್ನನ್ನು ಘಟಕದೊಳಗೆ ಕರೆದುಕೊಂಡು ಹೋಗಿ, ಏನು ಕಾಣುತ್ತದೆ ಹೇಳಿ ಎಂದು ಕೇಳಿದರೆ ಅದೇ ನನಗೆ ಸರಿಯಾದ ಪರೀಕ್ಷೆ. ಗೇಟಿನಿಂದ ಪ್ಯಾಕಿಂಗ್ ಸಾಲಿನವರೆಗೆ ಅಲ್ಲಿನ ಹೆಂಗಸರ ಜೊತೆ ಮಾತಾಡುವುದನ್ನೂ ನೀವು ನೋಡಬಹುದು.

ಮಾಲೀಕರು ಆ ದಿನಗಳಲ್ಲಿ ಊರಲ್ಲಿಲ್ಲದಿದ್ದರೆ, ಘಟಕವನ್ನು ನಾನು ಆಗಲೇ ನೋಡಿರುತ್ತೇನೆ. ಅವರ ಜೊತೆಗಿನ ಮಾತು ಆಮೇಲೆ ಯಾವುದಾದರೂ ಶುಕ್ರವಾರ ವಿಡಿಯೊದಲ್ಲಿ ಆಗಬಹುದು. ಅದಕ್ಕಾಗಿಯೇ ಮತ್ತೆ ಬರಬೇಕೆಂದರೆ ಡಿಸೆಂಬರ್‌ಗೆ ಮುಂಚೆ ರಜೆ ಸಿಗುವುದು ಕಷ್ಟ.

ಸಂಬಳ ವರ್ಷಕ್ಕೆ 14 ಲಕ್ಷದ ಆಸುಪಾಸು ಎಂದುಕೊಂಡಿದ್ದೇನೆ. ಇಲ್ಲಿನ ದಿರ್ಹಮನ್ನು ರೂಪಾಯಿಗೆ ಗುಣಿಸಿ ಹೇಳಿದ್ದಲ್ಲ. ಊರಿನ ಘಟಕಗಳಲ್ಲಿ ಇದೇ ಹೊಣೆ ಹೊತ್ತ ಹಳೆಯ ಸಹಪಾಠಿಗಳನ್ನು ಕೇಳಿ ತಿಳಿದುಕೊಂಡದ್ದು. ಮುಂದಿನದನ್ನು ಎದುರು ಕೂತು ಮಾತಾಡೋಣ.

10ನೇ ತಾರೀಕು ಆಗುತ್ತದೋ ಇಲ್ಲವೋ ಎಂದು ಬುಧವಾರದೊಳಗೆ ಈ ಮೇಲ್‌ಗೇ ಒಂದು ಸಾಲು ಬರೆದರೆ ಸಾಕು. ಆಗದಿದ್ದರೆ 13ರಿಂದ 16ರವರೆಗೆ ಯಾವ ರಾತ್ರಿಯಾದರೂ ಸರಿ. ಪದವಿ ಪ್ರಮಾಣಪತ್ರ ಮತ್ತು ಹಳೆಯ ಘಟಕದ ಅನುಭವ ಪತ್ರದ ಪ್ರತಿಗಳನ್ನೂ ಇದರ ಜೊತೆ ಕಳುಹಿಸಿದ್ದೇನೆ. ಮೂಲ ಪತ್ರಗಳನ್ನು ಊರಿಗೆ ಬರುವಾಗ ತರುತ್ತೇನೆ.

ವಂದನೆಗಳೊಂದಿಗೆ,
ಶೈಲಜಾ