ಎರಡು ಮಳೆಗಾಲ ಕಳೆದು ಬರುತ್ತೇನೆ

ಗೆಳೆಯರೇ,

ಈ ಭಾನುವಾರ ರಾತ್ರಿ ಊಟ ಮುಗಿದ ಮೇಲೆ ಫೇಸ್‌ಬುಕ್ಕಿನ ಬಾಗಿಲು ಎಳೆದುಕೊಳ್ಳುತ್ತಿದ್ದೇನೆ. ಇನ್‌ಸ್ಟಾಗ್ರಾಂ ಕೂಡ ಇರುವುದಿಲ್ಲ. ಮೃಗಶಿರಾ ಮಳೆ ಹಿಡಿಯುವ ಮೊದಲೇ ಹೊರಡಬೇಕೆಂದು ಲೆಕ್ಕ ಹಾಕಿಕೊಂಡದ್ದು. ಮರಳುವುದು ಎರಡು ಮಳೆಗಾಲ ಕಳೆದ ಮೇಲೆ. ‘ನಾಲ್ಕು ದಿನಕ್ಕೆ ಬರುತ್ತಾರೆ ಬಿಡಿ’ ಎಂದು ಆಗಲೇ ಒಬ್ಬಿಬ್ಬರು ನಕ್ಕಿದ್ದೀರಿ. ಬೇಕಾದರೆ ಪಂಥ ಕಟ್ಟಿ, ಅಡ್ಡಿಯಿಲ್ಲ.

ಯಾರ ಮೇಲೂ ಮುನಿಸಿಲ್ಲ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಇಲ್ಲಿ ಯಾರಾದರೂ ವಿದಾಯ ಹೇಳಿದರೆ ಸಾಕು, ಅದಕ್ಕೆ ಹಿಂದಿನ ವಾರದ ಯಾವ ಜಗಳ ಕಾರಣ, ಯಾರು ಚುಚ್ಚಿದ್ದು ಎಂದು ಹುಡುಕುವ ಪತ್ತೇದಾರರು ಎದ್ದು ಕೂರುತ್ತಾರೆ. ಹುಡುಕಬೇಡಿ, ಏನೂ ಸಿಗುವುದಿಲ್ಲ. 2022ರಲ್ಲಿ ಚಂದ್ರದ್ರೋಣ ಪರ್ವತದಲ್ಲಿ ಕುರಿಂಜಿ ಅರಳಿದಾಗ ನಾವೆಲ್ಲ ಇಲ್ಲಿ ಆಡಿದ ಜಗಳಕ್ಕಿಂತ ದೊಡ್ಡದು ಆಮೇಲೆ ನಡೆದೇ ಇಲ್ಲ. ಕುರಿಂಜಿ ಎಂದರೆ ಹನ್ನೆರಡು ವರ್ಷಕ್ಕೊಮ್ಮೆ, ಅದರಲ್ಲಿ ಎರಡು ಮಾತಿಲ್ಲ ಎಂದು ಒಂದು ಪಕ್ಷ. ಅದೇ ಕುಲದ ಬೇರೆ ಬೇರೆ ಗಿಡಗಳಿಗೆ ಬೇರೆ ಬೇರೆ ಅವಧಿ, ಕಾರ್ವಿ ಎಂಟು ವರ್ಷಕ್ಕೇ ಅರಳುತ್ತದೆ ಎಂದು ಇನ್ನೊಂದು ಪಕ್ಷ. ಕೊನೆಗೆ ಎರಡೂ ಪಕ್ಷದವರು ಒಂದಾಗಿ, ಹೂವು ಕಿತ್ತು ಕಾರಿನ ಮುಂದೆ ಸಿಕ್ಕಿಸಿಕೊಂಡು ಹೋಗುವವರನ್ನು ಬೈಯತೊಡಗಿದೆವು. ಅಂಥ ಜಗಳವಾದರೆ ಇನ್ನೂ ಹತ್ತು ಬರಲಿ.

ಹೊರಡುತ್ತಿರುವುದು ಮಾವನಿಗಾಗಿ. ಮಾವನಿಗೆ ಎಂಬತ್ತು ದಾಟಿದೆ. ಶಿರಸಿ ಸುತ್ತಲಿನ ಬೆಟ್ಟದ ಗಿಡಮರಗಳ ವಿಷಯದಲ್ಲಿ ನಾನು ಇಲ್ಲಿ ಬರೆದದ್ದರಲ್ಲಿ ಮುಕ್ಕಾಲು ಪಾಲು ಅವರದು. ಇದು ನಿಮಗೂ ಗೊತ್ತು. ನೀವು ಚಿತ್ರ ಹಾಕುತ್ತಿದ್ದಿರಿ, ನಾನು ಮೊಬೈಲ್ ಹಿಡಿದು ಜಗಲಿಗೆ ಓಡುತ್ತಿದ್ದೆ. ಅವರು ಕನ್ನಡಕ ಮೇಲೆ ಕೆಳಗೆ ಮಾಡಿ ನೋಡಿ, ‘ಇದಕ್ಕೆ ವಾಸನೆ ಎಲ್ಲಿದೆ ಮಾರಾಯ್ತಿ’ ಎಂದು ಮೊಬೈಲನ್ನು ವಾಪಸ್ ಕೊಡುತ್ತಿದ್ದರು.

ಅವರು ಗಿಡ ಗುರುತಿಸುವ ಬಗೆಯೇ ಬೇರೆ. ಎಲೆಯನ್ನು ಚಿವುಟಿ, ಹೆಬ್ಬೆರಳಿನಲ್ಲಿ ಉಜ್ಜಿ, ಮೊದಲು ತಾವು ಮೂಸುತ್ತಾರೆ. ಆಮೇಲೆ ಆ ಬೆರಳನ್ನು ನನ್ನ ಮೂಗಿನ ಹತ್ತಿರ ಹಿಡಿದು ಕಾಯುತ್ತಾರೆ. ನಾನು ಏನಾದರೂ ಹೇಳಬೇಕು, ತಪ್ಪಾದರೂ ಸರಿ. ಅಲ್ಲಿಯ ತನಕ ಅವರು ಹೆಸರು ಬಿಟ್ಟುಕೊಡುವುದಿಲ್ಲ. ಎಲೆಗೆ ಬಗ್ಗದಿದ್ದರೆ ತೊಗಟೆ. ಕತ್ತಿಯ ತುದಿಯಿಂದ ಉಗುರಿನಷ್ಟು ಗೀರುತ್ತಾರೆ. ಹಳದಿ ಅಂಟು ಬಂದರೆ ಉಪ್ಪಾಗೆ, ಮುರುಗಲಿನ ಕಡೆಯದು. ಕೆಂಪಗೆ ರಕ್ತದಂತೆ ಒಸರಿದರೆ ರಾಮಪತ್ರೆಯ ಬಳಗ. ಗೀರಿದ ಜಾಗಕ್ಕೆ ಒಂದಿಷ್ಟು ಮಣ್ಣು ಮೆತ್ತಿ ಮುಂದೆ ಹೋಗುತ್ತಾರೆ. ಇದಿಷ್ಟನ್ನು ಚಿತ್ರ ತೆಗೆದು ಹಾಕಬಹುದು, ಹಾಕಿಯೂ ಇದ್ದೇನೆ. ಆದರೆ ನಾನು ಕ್ಯಾಮೆರಾ ಹಿಡಿದು ನಿಂತಾಗಲೆಲ್ಲ ಆ ಬೆರಳು ನನ್ನ ಮೂಗಿನ ತನಕ ಬರಲೇ ಇಲ್ಲ. ಅವರು ‘ಫೋಟೋ ಆಯಿತೇ’ ಎಂದು ಕೇಳಿ ಮುಂದಿನ ಮರಕ್ಕೆ ನಡೆದುಬಿಡುತ್ತಾರೆ.

ಈಗ ಕಿವಿ ಮಂದವಾಗಿದೆ, ಮಂಡಿ ಕೈಕೊಡುತ್ತಿದೆ. ಬೆಟ್ಟಕ್ಕೆ ಹತ್ತಿಸುವ ಕಾಲ ಇನ್ನೆಷ್ಟು ಉಳಿದಿದೆಯೋ. ಮಳೆಗಾಲದಲ್ಲಿ ಅವರು ಹೇಗೂ ಜಗಲಿ ಬಿಟ್ಟು ಏಳುವುದಿಲ್ಲ, ನಾನೇ ಕೊಂಬೆ ಕಡಿದು ತಂದು ಕೊಡಬೇಕು. ಹೆಸರು, ಅದರ ತಂಬುಳಿ, ಯಾವ ಮಳೆಯಲ್ಲಿ ಚಿಗುರು, ದನಕ್ಕೆ ಆಗುತ್ತದೋ ಇಲ್ಲವೋ, ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕೆಂದಿದ್ದೇನೆ. ಒಂದು ಮಳೆಗಾಲ ಬರೆಯುವುದಕ್ಕೆ, ಇನ್ನೊಂದು ಬರೆದದ್ದನ್ನು ಅವರ ಮುಂದೆ ಓದಿ ತಿದ್ದಿಸಿಕೊಳ್ಳುವುದಕ್ಕೆ. ಪಕ್ಕದಲ್ಲಿ ಮೊಬೈಲ್ ಕಿಣಿಕಿಣಿ ಎನ್ನುತ್ತಿದ್ದರೆ ಈ ಕೆಲಸ ಆಗುವುದಿಲ್ಲ. ಕಿವಿ ಕೇಳಿಸದವರಿಗೆ ಎದುರಿನವರ ಕಣ್ಣು ಎತ್ತ ಹೋಯಿತು ಎನ್ನುವುದು ಬೇಗ ತಿಳಿಯುತ್ತದೆ.

ಇನ್ನು ಮನೆವಾರ್ತೆಯ ಮಾತು. ಖಾತೆಯನ್ನು ಅಳಿಸುತ್ತಿಲ್ಲ, ತಾತ್ಕಾಲಿಕವಾಗಿ ಮುಚ್ಚುತ್ತಲೂ ಇಲ್ಲ. ಮುಚ್ಚಿದರೆ ಹಳೆಯ ಚಿತ್ರಗಳು ನಿಮಗೂ ಕಾಣದಂತಾಗುತ್ತವೆ. ನಿಮ್ಮಲ್ಲಿ ಕೆಲವರು ಅಪ್ಪೆಮಿಡಿಯ ಆಲ್ಬಮ್ ನೋಡಿಕೊಂಡೇ ಉಪ್ಪಿನಕಾಯಿಗೆ ಮಿಡಿ ಆರಿಸುತ್ತೀರಿ ಎಂದು ಗೊತ್ತು. ಅದು ಅಲ್ಲಿಯೇ ಇರಲಿ. ನಾನು ಲಾಗೌಟ್ ಆಗಿ ಆ್ಯಪ್ ತೆಗೆಯುತ್ತೇನೆ, ಅಷ್ಟೇ. ಮೆಸೆಂಜರ್ ನೋಡುವುದಿಲ್ಲ. ಇದನ್ನು ಗಟ್ಟಿಯಾಗಿ ನೆನಪಿಡಿ: ನನ್ನ ಹೆಸರು, ನನ್ನ ಚಿತ್ರ ಹಾಕಿಕೊಂಡು ಯಾರಾದರೂ ಹೊಸದಾಗಿ ಸ್ನೇಹದ ಕೋರಿಕೆ ಕಳಿಸಿದರೆ, ‘ಆಸ್ಪತ್ರೆಯಲ್ಲಿದ್ದೇನೆ, ತುರ್ತಾಗಿ ಹಣ ಹಾಕಿ’ ಎಂದರೆ, ಅದು ನಾನಲ್ಲ. ನನಗೆ ಹಣ ಬೇಕಾದರೆ ಕೇಳುವುದು ಅಡಿಕೆ ಮಂಡಿಯಲ್ಲಿ, ನಿಮ್ಮಲ್ಲಿ ಅಲ್ಲ. ಕೂಡಲೇ ವರದಿ ಮಾಡಿ.

ಗಿಡ ಕೇಳುವವರು ಏನು ಮಾಡಬೇಕು? ಐನ್ಯಾಚುರಲಿಸ್ಟ್ ಇದೆ, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಇದೆ. ಅಲ್ಲಿ ಬಲ್ಲವರು ನನಗಿಂತ ಚೆನ್ನಾಗಿ ಹೇಳುತ್ತಾರೆ. ಹೂವಿನ ಚಂದದ ಚಿತ್ರವೊಂದನ್ನೇ ಹಾಕಬೇಡಿ. ಎಲೆಯ ಹಿಂಭಾಗ, ಎಲೆಗಳು ಎದುರುಬದುರಾಗಿವೆಯೋ ಒಂದು ಬಿಟ್ಟು ಒಂದರಂತೆ ಇವೆಯೋ ಎಂದು ಕಾಣುವ ಕೊಂಬೆ, ಕಾಯಿ, ತೊಗಟೆ ಎಲ್ಲವೂ ಇರಲಿ. ‘ಇದನ್ನು ತಿನ್ನಬಹುದೇ’ ಎನ್ನುವ ಪ್ರಶ್ನೆಗೆ ಮಾತ್ರ ಚಿತ್ರ ನೋಡಿ ಉತ್ತರ ಕೊಡುವವರನ್ನು ನಂಬಬೇಡಿ. ಈಗ ಮಳೆ ಬಿದ್ದ ಕೂಡಲೇ ಬೇಲಿಯಲ್ಲಿ ಗೌರಿ ಹೂವಿನ ಬಳ್ಳಿ ಏಳುತ್ತದೆ. ಅದರ ಗೆಡ್ಡೆ ನೋಡಲು ಯಾವುದೋ ಗೆಣಸಿನಂತೆ ಇರುತ್ತದೆ, ಒಳಗಿರುವುದು ಕೊಲ್ಚಿಸಿನ್ ಎಂಬ ವಿಷ, ಜೀವ ತೆಗೆಯುವಂಥದ್ದು. ಎಲೆಯ ತುದಿ ಸುರುಳಿಯಾಗಿ ಬೇಲಿಗೆ ಹಿಡಿದುಕೊಂಡಿದ್ದರೆ ಕೈ ಹಾಕಬೇಡಿ, ಹೂವು ನೋಡಿ ಸಂತೋಷಪಡಿ.

ಮಸ್ಕತ್ತಿನ ಅಕ್ಕ, ಬಾಲ್ಕನಿಯ ಕುಂಡದಲ್ಲಿ ನಿಮ್ಮ ಒಂದೆಲಗ ಈ ಬೇಸಿಗೆಯನ್ನೂ ಗೆದ್ದಿದೆಯಲ್ಲ, ಮಧ್ಯಾಹ್ನದ ಬಿಸಿಲಿಗೆ ಮಾತ್ರ ಬಿಡಬೇಡಿ. ಕೆಸುವಿನ ಪತ್ರೊಡೆ ಮಾಡಿ ಬಾಯಿ ತುರಿಸಿಕೊಂಡು ನನ್ನನ್ನು ಬೈದ ಬೆಂಗಳೂರಿನ ದಂಪತಿಗೆ ಮತ್ತೊಮ್ಮೆ ಹೇಳುತ್ತೇನೆ, ಹುಳಿ ಕಡಿಮೆ ಮಾಡಬೇಡಿ, ವಾಟೆ ಹುಳಿ ಸಿಗದಿದ್ದರೆ ಹುಣಸೆ ಸಾಕು, ಚೆನ್ನಾಗಿ ಬೇಯಲಿ. ರಾತ್ರಿ ಪಾಳಿ ಮುಗಿಸಿ ಬೆಳಗಿನ ಜಾವ ನನ್ನ ಪೋಸ್ಟಿಗೆ ಮೊದಲ ಕಮೆಂಟ್ ಹಾಕುತ್ತಿದ್ದ ಮಂಗಳೂರಿನ ನರ್ಸಮ್ಮ, ನಾನು ಎದ್ದು ಒಲೆ ಹಚ್ಚುವ ಹೊತ್ತಿಗೆ ನೀವು ಮಲಗಲು ಹೋಗುತ್ತಿದ್ದಿರಿ. ಆ ಹತ್ತು ನಿಮಿಷದ ಮಾತು ತಪ್ಪುತ್ತದೆ ಎನ್ನುವುದೊಂದೇ ನನಗೆ ನಿಜವಾಗಿ ಕಷ್ಟ. ನಿಮ್ಮ ವಿಳಾಸ ಕೊಡಿ, ಕಾಗದ ಬರೆಯುತ್ತೇನೆ. ಉತ್ತರ ಬರೆಯಲೇಬೇಕೆಂಬ ಒತ್ತಾಯವಿಲ್ಲ.

ನಮ್ಮ ಕಡೆಗೆ ಬರುವವರಿದ್ದರೆ ದೀಪಾವಳಿ ಕಳೆದು ಬನ್ನಿ. ಅಡಿಕೆ ಕೊಯ್ಲಿನ ಗಡಿಬಿಡಿ ಇರುತ್ತದೆ, ಊಟಕ್ಕೆ ಕೊರತೆಯಾಗುವುದಿಲ್ಲ. ಮಾವ ಬೆರಳು ಮೂಗಿಗೆ ಹಿಡಿದರೆ ಹಿಂದೆ ಸರಿಯಬೇಡಿ.

ದಾರಿ ಗೊತ್ತಿಲ್ಲದವರು, ಹಳೆಯ ಬಾಕಿ ಪ್ರಶ್ನೆ ಇರುವವರು ಭಾನುವಾರ ಸಂಜೆಯೊಳಗೆ ಇನ್‌ಬಾಕ್ಸಿಗೆ ಬರೆಯಿರಿ. ಎಲ್ಲರಿಗೂ ಉತ್ತರಿಸಿಯೇ ಹೋಗುತ್ತೇನೆ. ಅಣಬೆಯ ಚಿತ್ರ ಮಾತ್ರ ಕಳಿಸಬೇಡಿ.