ಬೆಂಕಿ ನಷ್ಟದ ಅಂದಾಜಿಗೆ ಬಿಲ್ಲು, ಫೋಟೊ ಹಾಗೂ ದಾಸ್ತಾನು ಪುಸ್ತಕ ಕೋರಿ ಪತ್ರ

ಹುಬ್ಬಳ್ಳಿ
17 ಮಾರ್ಚ್ 2025

ಶ್ರೀ ಶಿವಪ್ಪ ಅಂಗಡಿ ಅವರಿಗೆ,
ಒಣಮೆಣಸಿನಕಾಯಿ ವರ್ತಕರು, ಬ್ಯಾಡಗಿ, ಹಾವೇರಿ ಜಿಲ್ಲೆ

ವಿಷಯ: 12 ಮಾರ್ಚ್ 2025ರ ರಾತ್ರಿ ನಿಮ್ಮ ಗೋದಾಮಿನಲ್ಲಿ ಸಂಭವಿಸಿದ ಬೆಂಕಿ ಅನಾಹುತ

ಮಾನ್ಯರೇ,

14ರಂದು ಗೋದಾಮಿನ ಪರಿಶೀಲನೆಗೆ ಬಂದಾಗ ತಾವೂ ಹಮಾಲರೂ ನೀಡಿದ ಸಹಕಾರಕ್ಕೆ ಧನ್ಯವಾದಗಳು. ಕಡ್ಡಿ ಮತ್ತು ಡಬ್ಬಿ ತಳಿಯ ಮೆಣಸಿನಕಾಯಿ ಸೇರಿ 412 ಚೀಲ ಹಾನಿಯಾಗಿದೆ, ನಷ್ಟ 21,40,000 ರೂಪಾಯಿ ಎಂದು ತಿಳಿಸಿದ್ದೀರಿ. ಸ್ಥಳದಲ್ಲಿ ಕಂಡ ಬೂದಿಯಿಂದ ಚೀಲ ಎಣಿಸಲಾಗದು. ಲೆಕ್ಕ ಕಾಗದದಿಂದಲೇ ಹೊರಡಬೇಕು.

ದಾಸ್ತಾನು ಪುಸ್ತಕದ ಅಂಚು ಸುಟ್ಟು, ಫೆಬ್ರುವರಿಯ ನಂತರದ ಹಾಳೆಗಳು ನೀರಿಗೆ ಅಂಟಿಕೊಂಡಿದ್ದನ್ನು ನೋಡಿದ್ದೇನೆ. ಅದನ್ನು ಇದ್ದ ಹಾಗೆಯೇ ಕೊಡಿ. ದಯವಿಟ್ಟು ಹೊಸ ಪುಸ್ತಕಕ್ಕೆ ಅಚ್ಚುಕಟ್ಟಾಗಿ ಬರೆದು ತರಬೇಡಿ. ನೆನಪಿನಿಂದ ಬರೆದ ಪುಸ್ತಕ ನಿಮ್ಮ ಕ್ಲೇಮಿಗೇ ತೊಡಕಾಗುತ್ತದೆ. ಹರಿದುಹೋದ ಭಾಗವನ್ನು ಬೇರೆ ದಾಖಲೆಗಳಿಂದ ತುಂಬಿಕೊಳ್ಳಬಹುದು. 2024ರ ಮಾರ್ಚ್ 31ರ ಅಖೈರು ದಾಸ್ತಾನಿನ ಪಟ್ಟಿ, ಏಪ್ರಿಲ್ 1ರಿಂದ ಬೆಂಕಿಯ ದಿನದವರೆಗಿನ ಖರೀದಿ ಮತ್ತು ಮಾರಾಟದ ಬಿಲ್ಲುಗಳು, ಎಪಿಎಂಸಿ ಪಟ್ಟಿಗಳು, ಲಾರಿ ರಸೀದಿಗಳು, ಜಿಎಸ್‌ಟಿ ರಿಟರ್ನ್‌ಗಳು ಬೇಕು. ಅಂಗಡಿಯ ಪ್ರತಿ ಸುಟ್ಟಿದ್ದರೆ ದಲಾಲರಿಂದಲೂ ನಿಮ್ಮ ಲೆಕ್ಕಪರಿಶೋಧಕರಿಂದಲೂ ನಕಲು ತರಿಸಿಕೊಳ್ಳಿ. ಸಾಲಕ್ಕಾಗಿ ಬ್ಯಾಂಕಿಗೆ ಪ್ರತಿ ತಿಂಗಳು ಕೊಡುತ್ತಿದ್ದ ದಾಸ್ತಾನು ವಿವರ, ಅದರಲ್ಲೂ ಫೆಬ್ರುವರಿಯದು, ಬಹಳ ಮುಖ್ಯ. ಅದಕ್ಕೂ ನಿಮ್ಮ ಕ್ಲೇಮಿಗೂ ವ್ಯತ್ಯಾಸವಿದ್ದರೆ ಕಾರಣವನ್ನು ಈಗಲೇ ಬರೆದುಕೊಡಿ.

ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟ ಮಾಲಿನ ರಸೀದಿಗಳನ್ನೂ ಕಳುಹಿಸಿ. ಪಾಲಿಸಿ ಈ ಗೋದಾಮಿಗೆ ಮಾತ್ರ ಇರುವುದರಿಂದ ಆ ಚೀಲಗಳನ್ನು ಒಟ್ಟು ದಾಸ್ತಾನಿನಲ್ಲಿ ಕಳೆಯಬೇಕಾಗುತ್ತದೆ. ಗೋದಾಮಿನಲ್ಲಿದ್ದ ಮಾಲಿನ ಬೆಲೆ 30 ಲಕ್ಷದ ವಿಮಾ ಮೊತ್ತವನ್ನು ಮೀರಿತ್ತೆಂದು ಕಂಡುಬಂದರೆ, ಪಾಲಿಸಿಯ ಷರತ್ತಿನಂತೆ ಪರಿಹಾರವೂ ಆ ಪ್ರಮಾಣಕ್ಕೆ ಇಳಿಯಬಹುದು.

ಫೋಟೊಗಳ ವಿಷಯದಲ್ಲಿ ಒಂದು ಮಾತು. ಆ ರಾತ್ರಿ ನಿಮ್ಮ ಮಗ ಮೊಬೈಲಿನಲ್ಲಿ ತೆಗೆದ ಚಿತ್ರ, ವಿಡಿಯೊಗಳನ್ನು ಪೆನ್‌ಡ್ರೈವ್‌ನಲ್ಲಿ ಮೂಲ ರೂಪದಲ್ಲೇ ಕೊಡಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರ ಕುಗ್ಗಿರುತ್ತದೆ, ತೆಗೆದ ಸಮಯದ ಗುರುತೂ ಅದರಲ್ಲಿ ಉಳಿಯುವುದಿಲ್ಲ. ಬೆಂಕಿಗೆ ಮುಂಚೆ ಗೋದಾಮಿನ ಒಳಗೆ ತೆಗೆದ ಚಿತ್ರ, ಹಬ್ಬದ ಪೂಜೆಯದಾದರೂ ಸರಿ, ಹಿಂದೆ ಚೀಲಗಳ ಸಾಲು ಕಾಣುವಂತಿದ್ದರೆ ಉಪಯೋಗಕ್ಕೆ ಬರುತ್ತದೆ.

ಅಗ್ನಿಶಾಮಕ ಠಾಣೆಯ ವರದಿ, ಪೊಲೀಸ್ ದೂರಿನ ಪ್ರತಿ, ಸಹಿ ಮಾಡಿದ ಕ್ಲೇಮ್ ಅರ್ಜಿ ಜೊತೆಗಿರಲಿ. ವೈರಿಂಗ್‌ನಿಂದ ಬೆಂಕಿ ಹತ್ತಿತೆಂದು ಹೇಳಿದ್ದೀರಿ. ಹೆಸ್ಕಾಂನವರು ಬಂದು ನೋಡಿದ್ದರೆ ಅವರ ಪತ್ರವನ್ನೂ ಸೇರಿಸಿ.

ಹಿಂಬದಿಯ ಗೋಡೆಯ ಬಳಿ ಉಳಿದ ಚೀಲಗಳಿಗೆ ಹೊಗೆ ಹಿಡಿದು ನೀರು ಕುಡಿದಿದೆ. ಒಳ್ಳೆಯ ಮಾಲನ್ನು ಬೇರ್ಪಡಿಸಿ, ಒಣಗಿಸಿ, ತೂಕ ಬರೆದಿಡಿ. ಬೂಷ್ಟು ಹಿಡಿಯಲು ಬಿಟ್ಟರೆ ಆ ಹಾನಿ ನಿಮ್ಮ ತಲೆಗೇ ಬರುತ್ತದೆ. ನನಗೆ ತಿಳಿಸದೆ ಮಾತ್ರ ಮಾರಬೇಡಿ.

ಇವೆಲ್ಲ ಮಾರ್ಚ್ 27ರೊಳಗೆ ನನ್ನ ಕಚೇರಿಗೆ ತಲುಪಲಿ. ಯಾವುದಾದರೂ ಸಿಗದಿದ್ದರೆ ಉಳಿದವನ್ನು ತಡೆಹಿಡಿಯದೆ ಕಳುಹಿಸಿ, ಸಿಗದಿರುವುದಕ್ಕೆ ಕಾರಣ ಬರೆಯಿರಿ. ಮಾರ್ಚ್ 29ರ ಶನಿವಾರ ಬೆಳಿಗ್ಗೆ ಉಳಿದ ಮಾಲಿನ ತೂಕಕ್ಕೆ ಬರುತ್ತೇನೆ. ತೂಕದ ಯಂತ್ರ ಸಿದ್ಧವಿರಲಿ.

ಈ ಪತ್ರವನ್ನು ಪಾಲಿಸಿಯ ಷರತ್ತುಗಳಿಗೆ ಒಳಪಟ್ಟು ಬರೆಯಲಾಗಿದ್ದು, ಇದರಿಂದ ವಿಮಾ ಕಂಪನಿ ಹೊಣೆ ಒಪ್ಪಿಕೊಂಡಂತೆ ಆಗುವುದಿಲ್ಲ.

ತಮ್ಮ ವಿಶ್ವಾಸಿ,
ವಿ. ಎಸ್. ಕುಲಕರ್ಣಿ
ಪರವಾನಗಿ ಪಡೆದ ಸರ್ವೇಯರ್ ಹಾಗೂ ನಷ್ಟ ನಿರ್ಧಾರಕ

ಪ್ರತಿ: ವಿಮಾ ಕಂಪನಿಯ ಶಾಖಾ ವ್ಯವಸ್ಥಾಪಕರು, ಹಾವೇರಿ