ಐದನೇ ಕ್ಲಾಸ್ ಪೋಷಕರಿಗೆ: ಸೋಮವಾರದಿಂದ ಮಕ್ಕಳು ಕೂರೋ ಜಾಗ ಬದಲಾಗ್ತಿದೆ

ಎಲ್ಲಾ ಪೋಷಕರಿಗೂ ನಮಸ್ಕಾರ. ನಾನು ಐದನೇ ಕ್ಲಾಸ್ ಟೀಚರ್. ಮೆಸೇಜು ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ, ಪುರುಸೊತ್ತಿಲ್ದೇ ಇದ್ರೆ ರಾತ್ರಿ ಊಟ ಆದ್ಮೇಲೆ ಮಕ್ಕಳ ಕೈಲೇ ಓದಿಸಿ ಕೇಳಿ, ಅವರಿಗೂ ಓದಿದ ಹಾಗಾಗುತ್ತೆ.

ಬರೋ ಸೋಮವಾರದಿಂದ ನಮ್ಮ ಕ್ಲಾಸಲ್ಲಿ ಯಾರಿಗೂ ಪರ್ಮನೆಂಟ್ ಜಾಗ ಅಂತ ಇರಲ್ಲ. ಒಟ್ಟು 36 ಮಕ್ಕಳು, 12 ಬೆಂಚು, ಮೂರು ಸಾಲು, ಒಂದೊಂದು ಬೆಂಚಲ್ಲಿ ಮೂರು ಜನ. ಪ್ರತಿ ಸೋಮವಾರ ಪ್ರೇಯರ್ ಮುಗಿಸ್ಕೊಂಡು ಒಳಗೆ ಬಂದ ತಕ್ಷಣ ಪ್ರತಿ ಬೆಂಚಿನೋರೂ ಒಂದು ಬೆಂಚು ಹಿಂದಕ್ಕೆ ಹೋಗ್ತಾರೆ, ಕೊನೇ ಬೆಂಚಲ್ಲಿ ಇದ್ದೋರು ಪಕ್ಕದ ಸಾಲಿನ ಮೊದಲನೇ ಬೆಂಚಿಗೆ ಬರ್ತಾರೆ. ಹೀಗೆ ಹೋದ್ರೆ ದಸರಾ ರಜೆ ಹೊತ್ತಿಗೆ ಪ್ರತಿ ಮಗೂನೂ 12 ಬೆಂಚಲ್ಲೂ ಕೂತಿರುತ್ತೆ, ಫ್ಯಾನ್ ಕೆಳಗೂ ಕೂತಿರುತ್ತೆ, ಕಿಟಕಿ ಪಕ್ಕನೂ ಕೂತಿರುತ್ತೆ. ಬೆಂಚಲ್ಲಿ ಮಧ್ಯದ ಜಾಗ ಯಾರಿಗೆ ಅನ್ನೋದನ್ನ ಅವರವರೇ ದಿನಾ ಬದಲಾಯಿಸ್ಕೊಳ್ತಾರೆ.

ಯಾಕೆ ಅಂತ ಕೇಳ್ಬಹುದು. ನಮ್ಮ ರೂಮಲ್ಲಿ ಎಡಗಡೆ ಕಡೇ ಬೆಂಚಲ್ಲಿ ನೀವೇ ಒಂದ್ಸಲ ಬಂದು ಕೂತು ನೋಡಿ. ಬೆಳಿಗ್ಗೆ ಹನ್ನೊಂದು ಗಂಟೆ ಹೊತ್ತಿಗೆ ಬಾಗಿಲಿಂದ ಬಿಸಿಲು ಬಂದು ಬೋರ್ಡಿನ ಅರ್ಧ ಭಾಗ ಬರೀ ಹೊಳೀತಾ ಇರುತ್ತೆ, ಅಕ್ಷರ ಕಾಣಲ್ಲ. ಅಲ್ಲಿ ಕೂತ ಮಗು ಪಕ್ಕದೋರ ನೋಟ್ಸ್ ನೋಡಿ ಬರ್ಕೊಳುತ್ತೆ, ಅವರು ತಪ್ಪು ಬರೆದ್ರೆ ಇದೂ ತಪ್ಪು. ಎರಡು ತಿಂಗಳು ಅಲ್ಲೇ ಕೂತ್ರೆ ನಾನು ಹಿಂದಿನ ಬೆಂಚಿನೋನು, ನನ್ನನ್ನ ಯಾರೂ ಕೇಳಲ್ಲ ಅಂತ ಮಗು ತಾನೇ ತೀರ್ಮಾನ ಮಾಡ್ಕೊಂಡ್ಬಿಡುತ್ತೆ, ಆಮೇಲೆ ಅದನ್ನ ಬಿಡಿಸೋದು ಬಹಳ ಕಷ್ಟ. ನನಗೆ ಇದು ಮಾರ್ಕ್ಸ್‌ಗಿಂತ ದೊಡ್ಡ ವಿಷಯ.

ಕನ್ನಡಕ ಹಾಕೋ ಮಕ್ಕಳು, ಕಿವಿ ಸ್ವಲ್ಪ ಕಡಿಮೆ ಕೇಳಿಸೋ ಮಕ್ಕಳು ಮಾತ್ರ ಮುಂದಿನ ಎರಡು ಬೆಂಚು ದಾಟಿ ಹಿಂದೆ ಹೋಗಲ್ಲ, ಅವರನ್ನ ಆ ವಾರ ಯಾರ ಜೊತೆ ಕೂರಿಸ್ಬೇಕು ಅಂತ ನಾನೇ ನೋಡ್ಕೊಳ್ತೀನಿ. ಎಡಗೈಲಿ ಬರೆಯೋರು ಯಾವಾಗ್ಲೂ ಬೆಂಚಿನ ಎಡಗಡೆ ತುದೀಲೇ ಕೂರ್ತಾರೆ, ಇಲ್ಲಾಂದ್ರೆ ಪಕ್ಕದೋರ ಮೊಣಕೈ ತಾಗಿ ಇಬ್ಬರ ಅಕ್ಷರನೂ ಸೊಟ್ಟ ಆಗುತ್ತೆ. ಮನೇಲಿ ಟಿವಿ ಹತ್ರ ಹೋಗಿ ನೋಡೋದು, ಕಣ್ಣು ಕಿರಿದು ಮಾಡಿ ನೋಡೋದು, ತಲೆನೋವು ಅನ್ನೋದು ಇಂಥದ್ದು ಏನಾದ್ರೂ ಕಂಡಿದ್ರೆ ನನಗೆ ಹೇಳಿ. ವರ್ಷಕ್ಕೊಮ್ಮೆ ಶಾಲೆಗೆ ಬರೋ ಆರೋಗ್ಯ ತಪಾಸಣೆ ಡಾಕ್ಟರ್‌ಗೆ ಕಾಯ್ಬೇಡಿ, ಬೇಗ ಒಂದ್ಸಲ ತೋರಿಸಿಬಿಡಿ.

ಇನ್ನು ಗ್ರೂಪ್ ವಿಷಯ. ಬೆಳಗಿನ ಪಿರಿಯಡ್‌ಗಳೆಲ್ಲಾ ಸಾಲಾಗಿ ಬೆಂಚಲ್ಲೇ. ಮಧ್ಯಾಹ್ನ ಊಟ ಆದ್ಮೇಲೆ ಗಣಿತ, ಪರಿಸರ ಅಧ್ಯಯನ ಎರಡು ಪಿರಿಯಡ್ ಮಾತ್ರ ಬೆಂಚು ಎದುರುಬದುರು ತಿರುಗಿಸಿ ಆರಾರು ಜನ ಆರು ಗ್ರೂಪಾಗಿ ಕೂರ್ತಾರೆ. ಗ್ರೂಪ್ ಹೆಸರು ತುಂಗಾ, ಭದ್ರಾ, ಕಾವೇರಿ, ಶರಾವತಿ, ನೇತ್ರಾವತಿ, ಕಾಳಿ, ಮಕ್ಕಳೇ ಆರಿಸ್ಕೊಂಡಿದ್ದು. ಒಂದು ಗ್ರೂಪ್ ಆರು ವಾರ ಇರುತ್ತೆ, ಆಮೇಲೆ ಪೂರ್ತಿ ಕಲಸಿ ಹೊಸದಾಗಿ ಮಾಡ್ತೀವಿ. ಗ್ರೂಪಲ್ಲಿ ಆರು ಕೆಲಸ ಇದೆ. ಲೀಡರ್, ಬರೆಯೋರು, ಎದ್ದು ನಿಂತು ಹೇಳೋರು, ಸಾಮಾನು ತಂದು ವಾಪಸ್ ಇಡೋರು, ಟೈಮ್ ನೋಡೋರು, ಇನ್ನೊಬ್ಬರು ಪ್ರಶ್ನೆ ಕೇಳೋರು, ಅಂದ್ರೆ ಗ್ರೂಪಲ್ಲಿ ಬಂದ ಉತ್ತರ ಸರಿನಾ ಅಂತ ಕೆಣಕೋ ಕೆಲಸ. ವಾರಕ್ಕೊಂದು ಕೆಲಸ ಬದಲಾಗುತ್ತೆ, ಆರು ವಾರದಲ್ಲಿ ಎಲ್ಲರಿಗೂ ಎಲ್ಲಾ ಕೆಲಸ ಬರುತ್ತೆ, ಹಾಗಾಗಿ ನಮ್ಮ ಮಗಳನ್ನ ಲೀಡರ್ ಮಾಡಿ ಟೀಚರ್ ಅಂತ ಯಾರೂ ಕೇಳೋ ಅಗತ್ಯನೇ ಇಲ್ಲ.

ನಿಮಗೆ ಇದು ಹೊಸದಲ್ಲ. ಒಂದರಿಂದ ಮೂರನೇ ಕ್ಲಾಸ್‌ವರೆಗೂ ಇದೇ ಮಕ್ಕಳು ನಲಿಕಲಿಯಲ್ಲಿ ಗುಂಪು ಗುಂಪಾಗಿ ಕೂತು ಕಾರ್ಡ್ ಇಟ್ಕೊಂಡು ಕಲ್ತೋರು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಲ್ಲಿ ಶುರುವಾಗಿ ಆಮೇಲೆ ಇಡೀ ರಾಜ್ಯದ ಸರ್ಕಾರಿ ಶಾಲೆಗಳಿಗೆ ಬಂದಿದ್ದು ಅದು. ನಾಲ್ಕನೇ ಕ್ಲಾಸಿಗೆ ಬಂದ ತಕ್ಷಣ ಬೆಂಚಲ್ಲಿ ಕೂರಿಸಿ ಕೈ ಕಟ್ಕೊಂಡು ಸುಮ್ನೆ ಕೇಳಿ ಅಂದ್ರೆ ಮಕ್ಕಳಿಗೂ ಕಟ್ಟಿಹಾಕಿದ ಹಾಗಾಗುತ್ತೆ.

ಹೋದ ವಾರ ಟ್ರಯಲ್ ಮಾಡಿದ್ವಿ. ಸುತ್ತಳತೆ ಪಾಠ, ಒಂದೊಂದು ಗ್ರೂಪಿಗೂ ಒಂದು ಪುಸ್ತಕ, ಒಂದು ಸ್ಕೇಲ್. ಒಂದು ಗ್ರೂಪಿನ ಸ್ಕೇಲ್ ತುದಿ ಮುರಿದಿತ್ತು, ಸೊನ್ನೆನೇ ಇಲ್ಲ, 1ರಿಂದ ಶುರು. ಅಳೆದೋನು 22 ಅಂದ, ಬರೆಯೋನು 22 ಅಂತ ಬರೆದ. ಅಲ್ಲಿ ಒಬ್ಬಳು ಹುಡುಗಿ ಇದಾಳೆ, ಕ್ಲಾಸಲ್ಲಿ ನಾನು ಹೆಸರು ಹಿಡಿದು ಕೇಳಿದ್ರೂ ತಲೆ ತಗ್ಗಿಸೋಳು, ಅವಳು ಅವನ ಕೈಯಿಂದ ಸ್ಕೇಲ್ ತಗೊಂಡು "ಲೋ ಇದು ಒಂದರಿಂದ ಇದೆ ಕಣೋ, ಒಂದು ಕಳೀಬೇಕು, 21 ಬರ್ಕೋ" ಅಂದ್ಲು. ನಾನು ಪಕ್ಕದಲ್ಲೇ ನಿಂತಿದ್ದೆ, ಎಷ್ಟು ಖುಷಿ ಆಯ್ತು ಅಂದ್ರೆ ಹೇಳಕ್ಕಾಗಲ್ಲ. 36 ಜನರ ಮುಂದೆ ಆ ಮಾತು ಅವಳ ಬಾಯಿಂದ ಬರ್ತಿರ್ಲಿಲ್ಲ, ಆರು ಜನರ ಮಧ್ಯೆ ಬಂತು.

ಕೆಲವರು ಆಗ್ಲೇ ಗೇಟ್ ಹತ್ರ ಕೇಳಿದೀರಿ, ಚೆನ್ನಾಗಿ ಓದೋರನ್ನ ಓದದೇ ಇರೋರ ಜೊತೆ ಹಾಕಿದ್ರೆ ನಮ್ಮ ಮಗ ಹಿಂದೆ ಬೀಳಲ್ವಾ ಅಂತ. ಇಲ್ಲ. ಗೊತ್ತಿರೋದನ್ನ ಇನ್ನೊಬ್ಬರಿಗೆ ಹೇಳಿಕೊಡೋವಾಗ್ಲೇ ತನಗೆ ಎಲ್ಲಿ ಅರ್ಥ ಆಗಿಲ್ಲ ಅಂತ ಗೊತ್ತಾಗೋದು. ಎಫ್‌ಎ ಮಾರ್ಕ್ಸ್ ಒಬ್ಬೊಬ್ಬರದ್ದೂ ಬೇರೆ ಬೇರೆನೇ, ಗ್ರೂಪಿಗೆಲ್ಲಾ ಸೇರಿಸಿ ಒಂದೇ ಮಾರ್ಕ್ಸ್ ಕೊಡಲ್ಲ, ನೋಟ್ಸ್‌ನೂ ಪ್ರತಿಯೊಬ್ಬರೂ ಅವರವರ ಬುಕ್ಕಲ್ಲೇ ಬರೀಬೇಕು. ಗಲಾಟೆ ಆಗುತ್ತೆ, ಹೌದು, ಮೊದಲ ಒಂದೆರಡು ವಾರ ಜಾಸ್ತಿನೇ ಆಗುತ್ತೆ, ಹೆಡ್ ಮಾಸ್ಟರಿಗೂ ಹೇಳಿದೀನಿ. ಗ್ರೂಪಲ್ಲಿ ಹುಡುಗ್ರು ಹುಡುಗೀರು ಇಬ್ಬರೂ ಇರ್ತಾರೆ, ಎದುರುಬದುರು ಬೆಂಚಲ್ಲಿ.

ಇನ್ನೊಂದು ಮಾತು, ಇದನ್ನ ನೇರವಾಗೇ ಹೇಳ್ತೀನಿ. ನಮ್ಮ ಮಗೂನ ಆ ಕೇರಿ ಮಗು ಜೊತೆ ಕೂರಿಸ್ಬೇಡಿ, ಇಂಥೋರ ಮನೆ ಮಗು ಜೊತೆ ಬೇಡ ಅಂತ ದಯವಿಟ್ಟು ನನ್ನ ಹತ್ರ ಯಾರೂ ಬರ್ಬೇಡಿ. ಮಗುಗೆ ಯಾರಾದ್ರೂ ಹೊಡೀತಿದಾರೆ, ಅಣಕಿಸ್ತಿದಾರೆ ಅಂದ್ರೆ ಅರ್ಧ ರಾತ್ರೀಲಿ ಬೇಕಾದ್ರೂ ಫೋನ್ ಮಾಡಿ, ಮಾರನೇ ದಿನವೇ ನೋಡ್ತೀನಿ. ಜಾತಿ, ಮನೆತನ ನೋಡಿ ಜಾಗ ಬದಲಾಯಿಸೋ ಮಾತನ್ನ ಮಾತ್ರ ನಾನು ಕೇಳಲ್ಲ. ಬಿಸಿಯೂಟಕ್ಕೂ ಎಲ್ಲರೂ ಒಂದೇ ಸಾಲಲ್ಲಿ ಕೂರ್ತಾರೆ, ಪಾಠಕ್ಕೂ ಅಷ್ಟೇ.

ನಿಮ್ಮಿಂದ ಬೇಕಾಗಿರೋದು ಇಷ್ಟೇ. ಜಾಗ ಬದಲಾಗ್ತಾ ಇರೋದ್ರಿಂದ ಸಾಮಾನು ಅದಲುಬದಲಾಗುತ್ತೆ, ಜಾಮಿಟ್ರಿ ಬಾಕ್ಸ್, ನೀರಿನ ಬಾಟ್ಲಿ, ಟಿಫನ್ ಬಾಕ್ಸ್ ಎಲ್ಲದರ ಮೇಲೂ ಹೆಸರು ಬರೆದು ಕಳ್ಸಿ, ಬರೀ ಇನಿಷಿಯಲ್ ಬೇಡ, ನಮ್ಮ ಕ್ಲಾಸಲ್ಲಿ ಒಂದೇ ಹೆಸರಿನ ಮೂವರು ಇದಾರೆ. ವಾರಕ್ಕೊಂದ್ಸಲ ತಲೆ ನೋಡಿ, ಹೇನಿದ್ರೆ ಬಾಚಿ ಕಳ್ಸಿ, ಅದು ಯಾರ ತಲೆಗಾದ್ರೂ ಬರೋದೇ, ಅದಕ್ಕೆ ಮಗೂನ ಬೈಬೇಡಿ. ಸಂಜೆ ಮಗು ಬಂದಾಗ ಎಷ್ಟು ಮಾರ್ಕ್ಸ್ ಅಂತ ಕೇಳೋ ಬದಲು ಈ ವಾರ ನಿನ್ನ ಕೆಲಸ ಏನು, ಇವತ್ತು ಏನ್ ಮಾಡ್ದೆ ಅಂತ ಕೇಳಿ.

ಈ ಶನಿವಾರ ಹನ್ನೊಂದೂವರೆಗೆ ಕ್ಲಾಸ್ ಬಿಟ್ಮೇಲೆ ನಾನು ರೂಮಲ್ಲೇ ಇರ್ತೀನಿ, ಚಾರ್ಟ್ ಗೋಡೆಗೆ ಹಾಕಿರ್ತೀನಿ, ಬಂದು ನೋಡಿ, ಏನ್ ಡೌಟ್ ಇದ್ರೂ ಕೇಳಿ. ಕೂಲಿಗೆ, ತೋಟಕ್ಕೆ ಹೋಗೋರು ಬರಕ್ಕಾಗ್ದಿದ್ರೆ ಸಂಜೆ ಆರರ ಮೇಲೆ ಫೋನ್ ಮಾಡಿ, ಅಥವಾ ಇಲ್ಲೇ ವಾಯ್ಸ್ ಮೆಸೇಜ್ ಹಾಕಿ. ಓದಿದೋರು ಕೆಳಗೆ ಮಗು ಹೆಸರು ಟೈಪ್ ಮಾಡಿ "ನೋಡಿದೆ" ಅಂತ ಒಂದು ಮಾತು ಹಾಕಿ, ಹಾಕ್ದೇ ಇರೋರ ಮನೆಗೆ ಮಗು ಕೈಲಿ ಚೀಟಿ ಕಳಿಸ್ತೀನಿ.

ನಿಮ್ಮ ಮಕ್ಕಳ ಕ್ಲಾಸ್ ಟೀಚರ್